ಒಬ್ಬಟ್ಟಿಗೆ ಎಷ್ಟು ಬೆಲೆ ಇಡಬೇಕು? ಸೀಮಾಂತ ಲೆಕ್ಕದಿಂದ ದರ ಹುಡುಕುವ ಬಗೆ

ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯೊಂದರಲ್ಲಿ ಒಂದು ಪುಟ್ಟ ಒಬ್ಬಟ್ಟಿನ ಅಂಗಡಿ ಇದೆ. ಒಂದು ಗ್ರೈಂಡರ್, ಒಂದು ಕಾವಲಿ, ಗಾಜಿನ ಪೆಟ್ಟಿಗೆ, ಅದರ ಹಿಂದೆ ಅಕ್ಕ. ನಾನು ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಪಾಠ ಮಾಡುವವನು. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅಲ್ಲಿ ನಿಲ್ಲುವುದು ರೂಢಿ. ಒಂದು ದಿನ ಅಕ್ಕ ಕೇಳಿದರು: "ಮೇಷ್ಟ್ರೇ, ದಿನಕ್ಕೆ 200 ಒಬ್ಬಟ್ಟು ಹೋಗುತ್ತದೆ. ಎಲ್ಲ ಖರ್ಚು ಸೇರಿ ಒಂದಕ್ಕೆ ಇಪ್ಪತ್ತು ಚಿಲ್ಲರೆ ಬೀಳುತ್ತದೆ, ಮೂವತ್ತಕ್ಕೆ ಕೊಡುತ್ತೇನೆ. ಇಷ್ಟು ದುಡಿದರೂ ಕೈಗೆ ಹೆಚ್ಚು ಹತ್ತುತ್ತಿಲ್ಲವಲ್ಲ, ಏಕೆ?"

ಅವರ ಲೆಕ್ಕದಲ್ಲಿ ಸುಳ್ಳಿರಲಿಲ್ಲ. ಆದರೆ ಅದು ಬೇರೆ ಪ್ರಶ್ನೆಗೆ ಉತ್ತರವಾಗಿತ್ತು. ಸರಾಸರಿ ವೆಚ್ಚದ ಮೇಲೆ ಹತ್ತು ರೂಪಾಯಿ ಇಟ್ಟರೆ ನಷ್ಟವಾಗುತ್ತಿಲ್ಲ ಎನ್ನುವುದಷ್ಟೇ ತಿಳಿಯುತ್ತದೆ. ಅತಿ ಹೆಚ್ಚು ಲಾಭ ಯಾವ ಬೆಲೆಯಲ್ಲಿದೆ ಎನ್ನುವುದು ತಿಳಿಯುವುದಿಲ್ಲ. ಅದನ್ನು ಹುಡುಕಲು ನಾವಿಬ್ಬರೂ ಕುಳಿತು ಮಾಡಿದ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ಓದುವಾಗ ತೊಡಕಾಗದಿರಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ.

ಮೊದಲು ಬೇಡಿಕೆ ಪಟ್ಟಿ

ಯಾವ ಬೆಲೆಗೆ ದಿನಕ್ಕೆ ಎಷ್ಟು ಮಾರಾಟವಾಗುತ್ತದೆ ಎಂದು ಸಾಲಾಗಿ ಬರೆದರೆ ಅದು ಬೇಡಿಕೆ ಪಟ್ಟಿ. ಪಠ್ಯಪುಸ್ತಕದಲ್ಲಿ ಇದನ್ನು ಸಿದ್ಧವಾಗಿ ಕೊಟ್ಟಿರುತ್ತಾರೆ. ಅಂಗಡಿಯಲ್ಲಿ ನಾವೇ ಕಟ್ಟಿಕೊಳ್ಳಬೇಕು, ಮತ್ತು ಇಡೀ ಲೆಕ್ಕದಲ್ಲಿ ಹೆಚ್ಚು ಎಡವುವುದು ಇಲ್ಲಿಯೇ.

ಅಕ್ಕನ ಹಳೆಯ ನೋಟ್‌ಬುಕ್ಕಿನಲ್ಲಿ 25 ರೂಪಾಯಿಗೆ ಮಾರುತ್ತಿದ್ದ ಕಾಲದ ಎಣಿಕೆ ಇತ್ತು: ದಿನಕ್ಕೆ ಸುಮಾರು 240. ಈಗಿನ 30 ರೂಪಾಯಿಗೆ 200. ಇನ್ನೊಂದು ತುದಿ ತಿಳಿಯಲು ಎರಡು ವಾರ 40 ರೂಪಾಯಿಯ ಬೋರ್ಡ್ ಹಾಕಿ ನೋಡಿದರು; 120 ಹೋಯಿತು. ಈ ಮೂರು ಬಿಂದುಗಳು ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಬಿದ್ದವು: ಬೆಲೆ 5 ರೂಪಾಯಿ ಏರಿದರೆ ಮಾರಾಟ 40 ಇಳಿಯುತ್ತದೆ. ಉಳಿದ ಸಾಲುಗಳನ್ನು ಅದೇ ಗೆರೆಯಂತೆ ತುಂಬಿದೆವು.

ಎಣಿಸುವಾಗ ಎರಡು ಎಚ್ಚರ ಬೇಕು. ಒಂದು, ಮಾರಾಟವಾದದ್ದೆಲ್ಲ ಬೇಡಿಕೆಯಲ್ಲ. ಸಂಜೆ ಏಳಕ್ಕೇ ಪೆಟ್ಟಿಗೆ ಖಾಲಿಯಾದರೆ ಆಮೇಲೆ ಬಂದು ಬರಿಗೈಯಲ್ಲಿ ಹೋದವರು ಕೇಳಿದ್ದನ್ನೂ ಬರೆದುಕೊಳ್ಳಬೇಕು, ಇಲ್ಲದಿದ್ದರೆ ಕಡಿಮೆ ಬೆಲೆಯ ಬೇಡಿಕೆ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಎರಡು, ವಾರಗಳು ಒಂದಕ್ಕೊಂದು ಹೋಲುವಂತಿರಬೇಕು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವಾಗ ಈ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ವಾರ 40 ರೂಪಾಯಿ ಇಟ್ಟು ನೋಡಿದರೆ, ಬೆಲೆ ಏರಿಸಿದ್ದರಿಂದಲೇ ವ್ಯಾಪಾರ ಹೆಚ್ಚಿತು ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಯುಗಾದಿಯ ವಾರವೂ ಹಾಗೆಯೇ. ಸಾಮಾನ್ಯ ವಾರಗಳನ್ನೇ ಆರಿಸಿ, ಭಾನುವಾರವನ್ನು ಭಾನುವಾರದ ಜೊತೆಗೇ ಹೋಲಿಸಿ.

ಪ್ರತಿ ಮೆಟ್ಟಿಲಿಗೆ ಬರುವ ಹೆಚ್ಚುವರಿ ಆದಾಯ

ಬೆಲೆಯನ್ನು ಎಣಿಕೆಯಿಂದ ಗುಣಿಸಿದರೆ ಒಟ್ಟು ಆದಾಯ. ಮೇಲಿನ ಬೆಲೆಯಿಂದ ಕೆಳಗೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋದಂತೆ ಒಟ್ಟು ಆದಾಯ ಎಷ್ಟು ಬದಲಾಗುತ್ತದೆ ಎನ್ನುವುದೇ ಸೀಮಾಂತ ಆದಾಯ. ಅಕ್ಕನ ಗ್ರೈಂಡರ್‌ನಲ್ಲಿ ಒಂದು ಸುತ್ತು ಹೂರಣ ರುಬ್ಬಿದರೆ 40 ಒಬ್ಬಟ್ಟಾಗುತ್ತದೆ, ಪಟ್ಟಿಯ ಮೆಟ್ಟಿಲೂ 40. ಹಾಗಾಗಿ ಒಂದೊಂದು ಒಬ್ಬಟ್ಟಿಗಲ್ಲ, ಒಂದೊಂದು ಸುತ್ತಿಗೆ ಲೆಕ್ಕ ಹಾಕಿದೆವು.

| ಬೆಲೆ (ರೂ.) | ದಿನದ ಎಣಿಕೆ | ಒಟ್ಟು ಆದಾಯ | ಈ ಸುತ್ತಿನ ಸೀಮಾಂತ ಆದಾಯ | ಈ ಸುತ್ತಿನ ಸೀಮಾಂತ ವೆಚ್ಚ |
|---|---|---|---|---|
| 50 | 40 | 2,000 | 2,000 | 560 |
| 45 | 80 | 3,600 | 1,600 | 560 |
| 40 | 120 | 4,800 | 1,200 | 560 |
| 35 | 160 | 5,600 | 800 | 640 |
| 30 | 200 | 6,000 | 400 | 880 |
| 25 | 240 | 6,000 | 0 | – |

ಕೊನೆಯ ಕಾಲಂ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು 35ರಿಂದ 30ಕ್ಕೆ ಇಳಿಯುವ ಮೆಟ್ಟಿಲನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಅಕ್ಕನ ದುಡ್ಡು ಸೋರುತ್ತಿದ್ದದ್ದು ಅಲ್ಲಿಯೇ.

ಬೆಲೆ 30ಕ್ಕೆ ಇಳಿದಾಗ 40 ಒಬ್ಬಟ್ಟು ಹೆಚ್ಚು ಹೋಗುತ್ತದೆ. ತಲಾ 30ರಂತೆ 1,200 ರೂಪಾಯಿ ಬರುತ್ತದೆ. ಅಕ್ಕನಿಗೆ ಕಾಣುತ್ತಿದ್ದದ್ದು ಇದು. ಕಾಣದಿದ್ದದ್ದು ಇನ್ನೊಂದು ಬದಿ: 35 ರೂಪಾಯಿ ಕೊಟ್ಟೇ ಒಯ್ಯಲು ಸಿದ್ಧವಿದ್ದ ಮೊದಲಿನ 160 ಒಬ್ಬಟ್ಟುಗಳಿಗೂ ಈಗ 30 ರೂಪಾಯಿಯೇ ಸಿಗುತ್ತದೆ. ಒಂದಕ್ಕೆ 5ರಂತೆ 800 ರೂಪಾಯಿ ಕೈಬಿಟ್ಟಿತು. ಬಂದದ್ದು 1,200, ಹೋದದ್ದು 800, ನಿಂತದ್ದು 400. ಅಂದರೆ ಕೊನೆಯ ಸುತ್ತಿನ ಪ್ರತಿ ಒಬ್ಬಟ್ಟು 30ಕ್ಕೆ ಮಾರಾಟವಾದರೂ ಗಲ್ಲಾಪೆಟ್ಟಿಗೆಗೆ ಸೇರಿಸಿದ್ದು 10 ರೂಪಾಯಿ ಮಾತ್ರ.

ಈ ಒಂದು ವಾಕ್ಯವನ್ನು ಬರೆದಿಟ್ಟುಕೊಂಡರೆ ಪಟ್ಟಿಯ ಯಾವ ಮೆಟ್ಟಿಲಿಗಾದರೂ ಸಾಕು: ಹೊಸ ಬೆಲೆಯಿಂದ ಹೆಚ್ಚುವರಿ ಎಣಿಕೆಯನ್ನು ಗುಣಿಸಿ, ಅದರಿಂದ ಬೆಲೆಯ ಇಳಿಕೆಯನ್ನು ಹಳೆಯ ಎಣಿಕೆಯಿಂದ ಗುಣಿಸಿದ್ದನ್ನು ಕಳೆಯಿರಿ. ಎಲ್ಲ ಗಿರಾಕಿಗಳಿಗೂ ಒಂದೇ ಬೆಲೆ ಇರುವ ಕಡೆ ಸೀಮಾಂತ ಆದಾಯ ಬೆಲೆಗಿಂತ ಕಡಿಮೆಯಾಗುವುದಕ್ಕೆ ಕಾರಣ ಈ ಕಳೆಯುವ ಭಾಗ.

25 ರೂಪಾಯಿಯ ಸಾಲಿನಲ್ಲಿ ಸೀಮಾಂತ ಆದಾಯ ಸೊನ್ನೆ. ಅಲ್ಲಿಗೆ ಇಳಿದರೆ 40 ಒಬ್ಬಟ್ಟು ಹೆಚ್ಚು ತಟ್ಟಿದರೂ ಪೆಟ್ಟಿಗೆಯಲ್ಲಿ ಒಂದು ರೂಪಾಯಿಯೂ ಹೆಚ್ಚುವುದಿಲ್ಲ. ಆ ಸುತ್ತಿನ ವೆಚ್ಚ ಲೆಕ್ಕ ಹಾಕುವ ಶ್ರಮವೂ ಬೇಡವೆಂದು ಖಾಲಿ ಬಿಟ್ಟಿದ್ದೇನೆ.

ಪ್ರತಿ ಮೆಟ್ಟಿಲಿಗೆ ತಗಲುವ ಹೆಚ್ಚುವರಿ ವೆಚ್ಚ

ಇನ್ನೊಂದು ಸುತ್ತು ಮಾಡಿದ್ದರಿಂದಲೇ ಹುಟ್ಟಿದ, ಮಾಡದಿದ್ದರೆ ಉಳಿಯುತ್ತಿದ್ದ ಖರ್ಚು ಸೀಮಾಂತ ವೆಚ್ಚ. ಯಾವ ಖರ್ಚು ಇದರೊಳಗೆ ಬರುತ್ತದೆ ಎಂದು ಸಂಶಯ ಬಂದಾಗಲೆಲ್ಲ "ಈ ಸುತ್ತು ನಿಲ್ಲಿಸಿದರೆ ಇದು ಉಳಿಯುತ್ತದೆಯೇ?" ಎಂದು ಕೇಳಿಕೊಳ್ಳಿ.

ಅಕ್ಕನ ಒಂದು ಸುತ್ತಿಗೆ ಬೇಳೆ ಒಂದು ಕಿಲೋ, 100 ರೂಪಾಯಿ. ಬೆಲ್ಲ ಒಂದು ಕಿಲೋ, 70. ಕಣಕಕ್ಕೆ ಮೈದಾ ಮತ್ತು ಚಿರೋಟಿ ರವೆ ಸೇರಿ 45. ಎಣ್ಣೆ ಮತ್ತು ತುಪ್ಪ 140, ಏಲಕ್ಕಿ ಮತ್ತು ಕಾಯಿತುರಿ 25, ಗ್ಯಾಸ್ 60, ಕಟ್ಟಿಕೊಡುವ ಪೆಟ್ಟಿಗೆ ಮತ್ತು ಹಾಳೆ 120. ಒಟ್ಟು 560, ಅಂದರೆ ಒಬ್ಬಟ್ಟಿಗೆ 14 ರೂಪಾಯಿ.

ಮೊದಲ ಮೂರು ಸುತ್ತು ಅಕ್ಕ ಒಬ್ಬರೇ ಸಂಜೆಯೊಳಗೆ ಮುಗಿಸುತ್ತಾರೆ. ನಾಲ್ಕನೆಯ ಸುತ್ತಿಗೆ ಪಾತ್ರೆ ತೊಳೆಯಲು ಬರುವ ಹುಡುಗಿ ಹೆಚ್ಚು ಹೊತ್ತು ಉಳಿಯಬೇಕು, ಅದಕ್ಕೆ 80 ರೂಪಾಯಿ. ವೆಚ್ಚ 640 ಆಯಿತು. ಐದನೆಯ ಸುತ್ತು ಒಂದೇ ಕೈಯಿಂದ ಸಾಧ್ಯವೇ ಇಲ್ಲ. ಒಬ್ಬಟ್ಟು ತಟ್ಟಲು ಇನ್ನೊಬ್ಬ ಹೆಂಗಸನ್ನು ಅರ್ಧ ದಿನಕ್ಕೆ ಕರೆಸಬೇಕು, 240 ರೂಪಾಯಿ. ಹುಡುಗಿಗೂ ಮತ್ತೆ 80. ಹೀಗೆ ಐದನೆಯ ಸುತ್ತಿಗೆ 880. ಸಾಮಾನು ಅಷ್ಟೇ ಇದ್ದರೂ ಸೀಮಾಂತ ವೆಚ್ಚ ಏರುವುದು ಹೀಗೆಯೇ: ಇರುವ ಕೈ, ಇರುವ ಕಾವಲಿ, ಇರುವ ಹೊತ್ತು ತುಂಬಿದ ಮೇಲೆ ಪ್ರತಿ ಹೆಚ್ಚುವರಿ ಕೆಲಸವನ್ನೂ ಕೊಂಡುಕೊಳ್ಳಬೇಕಾಗುತ್ತದೆ.

ಬಾಡಿಗೆ ತಿಂಗಳಿಗೆ 18,000, ಗ್ರೈಂಡರ್ ಮತ್ತು ಫ್ರಿಜ್ ಸಾಲದ ಕಂತು 6,000, ಹುಡುಗಿಯ ಮಾಮೂಲಿ ಸಂಬಳ 3,000. ಒಟ್ಟು 27,000, ದಿನಕ್ಕೆ 900. ಇದು ಒಂದು ಒಬ್ಬಟ್ಟು ಮಾಡಿದರೂ, ಇನ್ನೂರು ಮಾಡಿದರೂ ಬದಲಾಗದ ಸ್ಥಿರ ವೆಚ್ಚ. ಸೀಮಾಂತ ವೆಚ್ಚದ ಕಾಲಂನಲ್ಲಿ ಇದಕ್ಕೆ ಜಾಗವಿಲ್ಲ. ಅಕ್ಕ ಮೊದಲಿಗೆ ಇದನ್ನು ಒಪ್ಪಲಿಲ್ಲ. "ಬಾಡಿಗೆ ಕೊಡುವವಳು ನಾನು, ಅದನ್ನು ಬಿಟ್ಟು ಎಂಥ ಲೆಕ್ಕ?" ಎಂದರು. ಬಿಡುವುದಿಲ್ಲ, ಕೊನೆಗೆ ಲಾಭ ನೋಡುವಾಗ ಕಳೆಯುತ್ತೇವೆ. ಬೆಲೆ ಆರಿಸುವಾಗ ಮಾತ್ರ ಅದು ಮಾತಾಡುವುದಿಲ್ಲ.

ಎರಡು ಕಾಲಂಗಳನ್ನು ಹೋಲಿಸುವುದು

ಈಗ ಪಟ್ಟಿಯ ಮೇಲಿನಿಂದ ಕೆಳಗೆ ಬನ್ನಿ. ಸುತ್ತು ತರುವ ಆದಾಯ ಅದು ತಿನ್ನುವ ವೆಚ್ಚಕ್ಕಿಂತ ಹೆಚ್ಚಿದ್ದರೆ ಆ ಸುತ್ತು ಮಾಡಿ, ಕೆಳಗಿಳಿಯಿರಿ. ಕಡಿಮೆಯಾದ ಮೊದಲ ಸಾಲಿನಲ್ಲಿ ನಿಲ್ಲಿಸಿ ಒಂದು ಸಾಲು ಮೇಲೆ ಹೋಗಿ. ನಾಲ್ಕನೆಯ ಸುತ್ತು 800 ತಂದು 640 ತಿನ್ನುತ್ತದೆ, 160 ಉಳಿಸುತ್ತದೆ, ಮಾಡಬೇಕು. ಐದನೆಯದು 400 ತಂದು 880 ತಿನ್ನುತ್ತದೆ; ದಿನಕ್ಕೆ 480 ರೂಪಾಯಿ ಕೈಯಿಂದ ಹೋಗುತ್ತದೆ. ಆದ್ದರಿಂದ 160 ಒಬ್ಬಟ್ಟು, ಬೆಲೆ 35.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಇಲ್ಲಿಯವರೆಗೆ ಸರಿಯಾಗಿ ಬಂದು ಕೊನೆಯ ಹೆಜ್ಜೆಯಲ್ಲಿ ಜಾರುತ್ತಾರೆ. ನಾಲ್ಕನೆಯ ಸುತ್ತಿನ ಸೀಮಾಂತ ಆದಾಯ ಒಬ್ಬಟ್ಟಿಗೆ 20 ರೂಪಾಯಿ ಬಂತಲ್ಲ, ಹಾಗಾದರೆ ಬೆಲೆ 20 ಎಂದು ಬರೆದುಬಿಡುತ್ತಾರೆ. ಸೀಮಾಂತ ಲೆಕ್ಕ ಹೇಳುವುದು ಎಷ್ಟು ಮಾಡಬೇಕು ಎನ್ನುವುದನ್ನು. ಆ 160ನ್ನು ಯಾವ ಬೆಲೆಗೆ ಜನ ಕೊಳ್ಳುತ್ತಾರೆ ಎಂದು ಹೇಳುವುದು ಬೇಡಿಕೆ ಪಟ್ಟಿ. ಎಣಿಕೆ ಸಿಕ್ಕ ಮೇಲೆ ಮತ್ತೆ ಮೊದಲ ಕಾಲಂಗೆ ಹೋಗಿ ಬೆಲೆ ಓದಬೇಕು.

ಸರಿಯೇ ಎಂದು ಒಟ್ಟು ಲಾಭದಿಂದ ತಾಳೆ ನೋಡೋಣ. 30 ರೂಪಾಯಿಯಲ್ಲಿ ಆದಾಯ 6,000, ಐದು ಸುತ್ತಿನ ವೆಚ್ಚ 3,200, ಸ್ಥಿರ ವೆಚ್ಚ 900; ಲಾಭ 1,900. 35ರಲ್ಲಿ 5,600ರಿಂದ 2,320 ಮತ್ತು 900 ಕಳೆದರೆ 2,380. 40ರಲ್ಲಿ 4,800ರಿಂದ 1,680 ಮತ್ತು 900 ಕಳೆದರೆ 2,220. ಶಿಖರ 35ರಲ್ಲಿದೆ. 30ಕ್ಕೂ 35ಕ್ಕೂ ವ್ಯತ್ಯಾಸ ಸರಿಯಾಗಿ 480, ಐದನೆಯ ಸುತ್ತು ನುಂಗುತ್ತಿದ್ದ ಮೊತ್ತ. ತಿಂಗಳಿಗೆ 14,400 ರೂಪಾಯಿ, ಅದೂ ದಿನಕ್ಕೆ 40 ಒಬ್ಬಟ್ಟು ಕಡಿಮೆ ತಟ್ಟಿ.

ಗಮನಿಸಿ: 35ರಲ್ಲಿ ಗಲ್ಲಾಪೆಟ್ಟಿಗೆ 400 ರೂಪಾಯಿ ಹಗುರ. ಆದಾಯ ಅತಿ ಹೆಚ್ಚಿರುವ ಬೆಲೆಯೇ ಲಾಭ ಅತಿ ಹೆಚ್ಚಿರುವ ಬೆಲೆ ಎಂಬ ನಂಬಿಕೆ ಬಲವಾದದ್ದು, ಆದರೆ ಅದು ನಿಜವಾಗುವುದು ಹೆಚ್ಚುವರಿ ವೆಚ್ಚ ಸೊನ್ನೆಯಾಗಿರುವಾಗ ಮಾತ್ರ. 1838ರಲ್ಲಿ ಫ್ರಾನ್ಸಿನ ಗಣಿತಜ್ಞ ಕೂರ್ನೋ ಈ ಲೆಕ್ಕವನ್ನು ಮೊದಲ ಬಾರಿಗೆ ಗಣಿತದಲ್ಲಿ ಬಿಡಿಸಿದಾಗ ಆರಂಭಕ್ಕೆ ತೆಗೆದುಕೊಂಡ ಉದಾಹರಣೆ ಖನಿಜ ನೀರಿನ ಬುಗ್ಗೆಯೊಂದರ ಒಡೆಯನದು. ನೀರು ತಾನಾಗಿ ಉಕ್ಕುತ್ತದೆ, ಇನ್ನೊಂದು ಲೀಟರಿಗೆ ಖರ್ಚಿಲ್ಲ. ಅವನು ಆದಾಯವನ್ನಷ್ಟೇ ನೋಡಿದರೆ ಸಾಕು. ಅಕ್ಕನ ಹೂರಣ ತಾನಾಗಿ ಉಕ್ಕುವುದಿಲ್ಲ.

ಪಟ್ಟಿಯನ್ನು ಎಷ್ಟು ನಂಬಬೇಕು?

35ರ ಸಾಲಿನ 160 ನಾವು ಗೆರೆ ಎಳೆದು ತುಂಬಿದ ಅಂಕಿ. ಅದು ತಪ್ಪಾಗಿರಬಹುದು. ಹಾಗಾಗಿ ಬೋರ್ಡ್ ಬದಲಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಂಡೆವು: 35ರಲ್ಲಿ ಕನಿಷ್ಠ ಎಷ್ಟು ಹೋದರೆ ಹಳೆಯ 1,900 ಲಾಭಕ್ಕೆ ಮೋಸವಿಲ್ಲ? 135 ಹೋದರೆ ಆದಾಯ 4,725. ಮೂರು ಸುತ್ತಿಗೆ 1,680, ಮೇಲಿನ 15ಕ್ಕೆ ತಲಾ 16ರಂತೆ 240, ಸ್ಥಿರ ವೆಚ್ಚ 900, ಉಳಿಯುವುದು 1,905. ಅಂದರೆ ಎಣಿಕೆ 135ರ ಮೇಲೆ ನಿಂತರೆ 35 ಸರಿ, ಅದಕ್ಕಿಂತ ಕೆಳಗೆ ಜಾರಿದರೆ ಮತ್ತೆ 30. ಪಟ್ಟಿ ಅಂದಾಜಿನದಾಗಿದ್ದಾಗ ಇಂಥ ಒಂದು ಗಡಿ ಸಂಖ್ಯೆಯನ್ನು ಮೊದಲೇ ಕಂಡುಕೊಳ್ಳಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲದಿದ್ದರೆ ಮೊದಲ ವಾರ ನಾಲ್ಕು ಗಿರಾಕಿಗಳು ಮುಖ ಸಿಂಡರಿಸಿದ ಕೂಡಲೇ ಧೈರ್ಯ ಕುಸಿದು ಬೋರ್ಡ್ ಹಿಂದಕ್ಕೆ ತಿರುಗುತ್ತದೆ.

ಅಕ್ಕನ ಅಂಜಿಕೆ ಅದೇ ಆಗಿತ್ತು: "ನಲವತ್ತು ಜನ ಗಿರಾಕಿ ತಪ್ಪಿಹೋದರೆ?" ಆದರೆ 40 ಒಬ್ಬಟ್ಟು ಕಡಿಮೆಯಾಯಿತು ಎಂದರೆ 40 ಮಂದಿ ಹೋದರು ಎಂದಲ್ಲ. ಐದು ಕೊಳ್ಳುತ್ತಿದ್ದವರು ನಾಲ್ಕು ಕೊಂಡರೂ ಎಣಿಕೆ ಇಳಿಯುತ್ತದೆ. ಯಾವುದು ನಡೆಯುತ್ತಿದೆ ಎಂದು ತಿಳಿಯಲು ದಿನದ ಒಬ್ಬಟ್ಟುಗಳ ಜೊತೆ ದಿನದ ಬಿಲ್ಲುಗಳನ್ನೂ ಎಣಿಸಿ. ಬಿಲ್ಲುಗಳೇ ವಾರದಿಂದ ವಾರಕ್ಕೆ ಕರಗುತ್ತಿದ್ದರೆ ಜನ ಬೇರೆ ಅಂಗಡಿ ಹುಡುಕಿಕೊಳ್ಳುತ್ತಿದ್ದಾರೆ. ಬೆಲೆ ಏರಿದಾಗ ಬೇಡಿಕೆ ಎರಡು ವಾರದ ಪಟ್ಟಿ ತೋರಿಸಿದ್ದಕ್ಕಿಂತ ಹೆಚ್ಚು ಇಳಿಯುತ್ತದೆ ಎಂದರ್ಥ.

ರೂಪಾಯಿ ರೂಪಾಯಿಗೆ ತಲೆ ಕೆಡಿಸಿಕೊಳ್ಳಬೇಡಿ. ಅದೇ ಗೆರೆಯಲ್ಲಿ 36 ಇಟ್ಟರೆ 152 ಹೋಗುತ್ತದೆ, ಲಾಭ ಅದೇ 2,380. 37 ಇಟ್ಟರೆ 2,364. ಶಿಖರದ ಸುತ್ತ ನೆಲ ಹೀಗೆ ಸಮತಟ್ಟಾಗಿರುತ್ತದೆ, ಆದ್ದರಿಂದ ಬಾಯಲ್ಲಿ ಸುಲಭವಾಗಿ ಬರುವ 35ನ್ನೇ ಇಡಬಹುದು.

ಖರ್ಚು ಏರಿದಾಗ ಬೆಲೆ ಏರಿಸಬೇಕೇ?

ಯಾವ ಖರ್ಚು ಎನ್ನುವುದನ್ನು ನೋಡಬೇಕು. ಮಾಲೀಕರು ಬಾಡಿಗೆಯನ್ನು ತಿಂಗಳಿಗೆ 9,000 ಏರಿಸಿದರು ಎಂದುಕೊಳ್ಳಿ. ದಿನಕ್ಕೆ 300 ಹೆಚ್ಚು. ಎಲ್ಲ ಸಾಲುಗಳ ಲಾಭವೂ ಒಂದೇ ಸಮ 300 ಇಳಿಯುತ್ತದೆ: 35ರಲ್ಲಿ 2,080, 40ರಲ್ಲಿ 1,920. ಶಿಖರ ಕದಲಲಿಲ್ಲ. ಬಾಡಿಗೆ ಏರಿತೆಂದು ಬೆಲೆಯನ್ನು 40ಕ್ಕೆ ಏರಿಸಿದರೆ ಬಾಡಿಗೆಯ 300ರ ಮೇಲೆ ಇನ್ನೂ 160 ತಾವೇ ಕಳೆದುಕೊಂಡಂತೆ. ಬಾಡಿಗೆ ಕೇಳುವುದು ಬೇರೆಯೇ ಪ್ರಶ್ನೆ: ಅತ್ಯುತ್ತಮ ಬೆಲೆಯಲ್ಲೂ ಉಳಿಯುವ ಹಣ ಅಕ್ಕ ಬೇರೆಲ್ಲಾದರೂ ದುಡಿದು ಗಳಿಸಬಹುದಾದದ್ದಕ್ಕಿಂತ ಕಡಿಮೆಯಾದರೆ, ಈ ಅಂಗಡಿ ಇಲ್ಲಿ ಇರಬೇಕೇ ಎನ್ನುವುದು.

ಬೇಳೆ, ಬೆಲ್ಲ, ತುಪ್ಪ ದುಬಾರಿಯಾಗಿ ಒಬ್ಬಟ್ಟಿಗೆ 5 ರೂಪಾಯಿ ಹೆಚ್ಚಾದರೆ ಮಾತ್ರ ಸೀಮಾಂತ ವೆಚ್ಚದ ಕಾಲಂ ಬದಲಾಗುತ್ತದೆ. ಪ್ರತಿ ಸುತ್ತಿಗೆ 200 ಸೇರಿ ನಾಲ್ಕನೆಯದು 840 ಆಗುತ್ತದೆ. ಅದು ತರುವುದು 800. ಈಗ ಮೂರೇ ಸುತ್ತಿಗೆ ನಿಲ್ಲಬೇಕು, ಬೆಲೆ 40. ಲಾಭ 35ರಲ್ಲಿ 1,580, 40ರಲ್ಲಿ 1,620. ನಮ್ಮ ಪಟ್ಟಿಯ ಮೆಟ್ಟಿಲು 5 ರೂಪಾಯಿಯದ್ದಾದ್ದರಿಂದ ಇಲ್ಲಿ ಬೆಲೆಯೂ 5ರಷ್ಟೇ ಏರಿದಂತೆ ಕಾಣುತ್ತದೆ. ಸಾಮಾನಿನ ಏರಿಕೆ ಪೂರ್ತಿ ಬೆಲೆಗೆ ಇಳಿಯುತ್ತದೆ ಎಂದು ಇದರಿಂದ ತಿಳಿಯಬೇಡಿ: ಸೀಮಾಂತ ವೆಚ್ಚ ಒಂದೇ ಸಮನಾಗಿದ್ದು ಬೇಡಿಕೆ ನೇರ ಗೆರೆಯಾಗಿದ್ದರೆ, ಮೆಟ್ಟಿಲುಗಳನ್ನು ಸಣ್ಣದಾಗಿಸಿದಾಗ ಏರಿಕೆಯ ಅರ್ಧದಷ್ಟು ಮಾತ್ರ ಬೆಲೆಗೆ ಸೇರುತ್ತದೆ.

ಈ ಲೆಕ್ಕ ಸಲ್ಲದ ಕಡೆ

ಕೆ.ಆರ್. ಮಾರುಕಟ್ಟೆಯಲ್ಲಿ ಟೊಮೆಟೊ ರಾಶಿ ಹಾಕಿಕೊಂಡು ಕುಳಿತವರಿಗೆ ಇಂಥ ಬೇಡಿಕೆ ಪಟ್ಟಿಯೇ ಇಲ್ಲ. ಪಕ್ಕದ ರಾಶಿಯೂ ಅದೇ ಟೊಮೆಟೊ. ಎರಡು ರೂಪಾಯಿ ಏರಿಸಿದರೆ ಗಿರಾಕಿ ಪಕ್ಕಕ್ಕೆ ಸರಿಯುತ್ತಾನೆ. ಅಲ್ಲಿ ಬೆಲೆ ಮಾರುಕಟ್ಟೆಯದು, ಇನ್ನೊಂದು ಕಿಲೋ ಮಾರಿದರೆ ಆ ಬೆಲೆಯೇ ಪೂರ್ತಿ ಕೈಗೆ ಬರುತ್ತದೆ, ಆರಿಸಲು ಉಳಿಯುವುದು ಎಷ್ಟು ಕಿಲೋ ತರಬೇಕು ಎನ್ನುವುದು ಮಾತ್ರ. ಅಕ್ಕನ ಒಬ್ಬಟ್ಟಿಗೆ ಸ್ವಂತ ರುಚಿ ಇದೆ, ಹಾಗಾಗಿ ಬೆಲೆಯ ಮೇಲೆ ಸ್ವಲ್ಪ ಹಿಡಿತವಿದೆ. ಎದುರು ಸಾಲಿನಲ್ಲಿ ಇನ್ನೊಂದು ಒಬ್ಬಟ್ಟಿನ ಅಂಗಡಿ ತೆರೆದ ದಿನ ಇವರ ಪಟ್ಟಿಯ ಎಲ್ಲ ಎಣಿಕೆಗಳೂ ಹಳೆಯವಾಗುತ್ತವೆ. ಮತ್ತೆ ಎಣಿಸಿ ಹೊಸದಾಗಿ ಬರೆಯಬೇಕು. ಹಬ್ಬದ ದಿನಕ್ಕೂ ಬೇರೆಯದೇ ಪಟ್ಟಿ ಬೇಕು, ಏಕೆಂದರೆ ಅಂದು ಬೇಡಿಕೆಯೂ ಬೇರೆ, ಕರೆಸುವ ಕೈಗಳ ಕೂಲಿಯೂ ಬೇರೆ.

ಅಕ್ಕ 35ರ ಬೋರ್ಡ್ ಹಾಕಿದರು. ಮೊದಲ ವಾರ ಎಣಿಕೆ 135ರ ಹತ್ತಿರಕ್ಕೆ ಬಂದು ನನ್ನ ಎದೆಯೂ ಡವಗುಟ್ಟಿತು. ನಾಲ್ಕು ವಾರದ ಸರಾಸರಿ 156ಕ್ಕೆ ನಿಂತಿತು, ದಿನಕ್ಕೆ 2,304 ರೂಪಾಯಿ ಲಾಭ. ನೋಟ್‌ಬುಕ್ಕಿನಲ್ಲಿ 35ರ ಎದುರಿದ್ದ 160ನ್ನು ಹೊಡೆದುಹಾಕಿ 156 ಎಂದು ಅವರೇ ಬರೆದರು.